ಮರಳು, ಕಡತ, ಬಳಪ: ನಮ್ಮ ಸೀಮೆಯಲ್ಲಿ ಮಕ್ಕಳಿಗೆ ಓದು ಕಲಿಸಿದ ಬಗೆ



ರಾಯದುರ್ಗ ಸೀಮೆಯ ನಮ್ಮ ಮನೆಯಲ್ಲಿ ಹೋದ ವರ್ಷ ನಡೆದ ಒಂದು ಸಣ್ಣ ಸಂಗತಿಯಿಂದ ಮಾತು ತೆಗೆಯುತ್ತೇನೆ. ನನ್ನ ಮೊಮ್ಮಗಳು ಮೂರನೆಯ ತರಗತಿ. ಶಾಲೆಯಲ್ಲಿ ಅವಳಿಗೆ ತೆಲುಗು ಮತ್ತು ಇಂಗ್ಲಿಷು. ಕನ್ನಡ ಮನೆಮಾತು, ಅದನ್ನು ಕಲಿಸುವವರು ಮನೆಯವರೇ. ಅವಳ ತಾಯಿ ಬಳ್ಳಾರಿಯಿಂದ ಒಂದು ಬಣ್ಣದ ಅಕ್ಷರಮಾಲೆ ಪುಸ್ತಕ ತಂದು ಎರಡು ತಿಂಗಳು ಕಲಿಸಿದ್ದಳು. ಒಂದು ಸಂಜೆ ಮಗು ಆ ಪುಸ್ತಕವನ್ನು ತಂದು ನನ್ನ ಮುಂದೆ ಹಿಡಿದು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಲ್ಲೂ ತಡವರಿಸದೆ ಓದಿಬಿಟ್ಟಳು. ಮನೆಯವರೆಲ್ಲ ಹಿಗ್ಗಿದರು. ನಾನೂ ಹಿಗ್ಗಿದೆ. ಆದರೆ ನಾನು ಮೂವತ್ತು ವರ್ಷಕ್ಕೂ ಮೇಲೆ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಲೆಕ್ಕ ಸರಿ ಬಂದಾಗಲೂ ಇನ್ನೊಮ್ಮೆ ಕೆಳಗಿನಿಂದ ಮೇಲಕ್ಕೆ ಕೂಡಿ ನೋಡುವ ಚಾಳಿ ಹೋಗಿಲ್ಲ. ಆನೆಯ ಚಿತ್ರದ ಮೇಲೆ ಅಂಗೈ ಇಟ್ಟು ಮುಚ್ಚಿ, "ಈಗ ಓದವ್ವ" ಅಂದೆ. ಮಗು ಸುಮ್ಮನಾಯಿತು. ಅಕ್ಷರದ ಕಡೆ ನೋಡಲಿಲ್ಲ, ನನ್ನ ಮುಖ ನೋಡಿತು.

ಆಗ ನನಗೆ ನೆನಪಾದದ್ದು 1823ರ ಒಂದು ವರದಿ. ಇದೇ ನಮ್ಮ ಸೀಮೆಯ ಮಕ್ಕಳ ಬಗ್ಗೆ, ಹೆಚ್ಚುಕಡಿಮೆ ಇದೇ ದೂರನ್ನು ಒಬ್ಬ ಕಲೆಕ್ಟರು ಬರೆದಿದ್ದ. ಇವತ್ತಿನ ಮಾತು ಅದರ ಬಗ್ಗೆ.

ಮದರಾಸಿನ ಗವರ್ನರಾಗಿದ್ದ ಥಾಮಸ್ ಮನ್ರೋ 1822ರಲ್ಲಿ ಒಂದು ಹುಕುಂ ಹೊರಡಿಸಿದ. ಪ್ರತಿ ಜಿಲ್ಲೆಯಲ್ಲಿ ಊರವರೇ ನಡೆಸುವ ಶಾಲೆಗಳು ಎಷ್ಟು, ಅಲ್ಲಿ ಓದುವ ಮಕ್ಕಳು ಎಷ್ಟು, ಏನು ಓದುತ್ತಾರೆ ಎಂದು ಕಲೆಕ್ಟರುಗಳು ಲೆಕ್ಕ ಕೊಡಬೇಕು ಎಂಬುದು ಅದರ ಸಾರ. ಬಹಳ ಕಲೆಕ್ಟರುಗಳು ಕೋಷ್ಟಕ ತುಂಬಿ ಕಳಿಸಿ ಕೈತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಹಾಗೆ ಮಾಡಲಿಲ್ಲ. ಈತ ತೆಲುಗು ವ್ಯಾಕರಣ ಬರೆದಿದ್ದ ಮನುಷ್ಯ. ಆದ್ದರಿಂದ ಮಕ್ಕಳು ಅಕ್ಷರ ಕಲಿಯುವ ರೀತಿ ಅವನಿಗೆ ಸಹಜವಾಗಿಯೇ ಕುತೂಹಲದ ವಿಷಯ. 1823ರ ಆಗಸ್ಟ್ 17ರಂದು ಅವನು ಕಳಿಸಿದ ವರದಿಯಲ್ಲಿ ಬೆಳಗಿನಿಂದ ಶಾಲೆ ಹೇಗೆ ನಡೆಯುತ್ತದೆ ಎಂಬುದು ಕಣ್ಣಿಗೆ ಕಟ್ಟುವ ಹಾಗಿದೆ. ಧರ್ಮಪಾಲರು ಆ ಕಾಲದ ಮದರಾಸು ದಾಖಲೆಗಳನ್ನೆಲ್ಲ ಸೇರಿಸಿ 1983ರಲ್ಲಿ ಅಚ್ಚು ಹಾಕಿಸಿದ್ದರಿಂದ ನನ್ನಂಥ ಮೆಟ್ರಿಕ್ ಓದಿದವನಿಗೂ ಅದು ಸಿಕ್ಕಿತು.

ಆಗಿನ ಬಳ್ಳಾರಿ ಜಿಲ್ಲೆ ಎಂದರೆ ಇಂದಿನ ಬಳ್ಳಾರಿಯಷ್ಟೇ ಅಲ್ಲ. ಆದೋನಿ, ರಾಯದುರ್ಗ ಅದರೊಳಗಿದ್ದವು. ಅನಂತಪುರ, ಮಡಕಶಿರಾ ಕಡೆಯ ಪ್ರದೇಶವೂ 1882ರಲ್ಲಿ ಅನಂತಪುರ ಬೇರೆ ಜಿಲ್ಲೆಯಾಗುವ ತನಕ ಅದರೊಳಗೇ ಇತ್ತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ, ಉಳಿದದ್ದು ಮೈಸೂರು ರಾಜ್ಯಕ್ಕೆ ಹೋಯಿತು. ಆದ್ದರಿಂದ ಕ್ಯಾಂಪ್‌ಬೆಲ್ ಬರೆದದ್ದು ನನ್ನ ನಿಮ್ಮ ಮುತ್ತಾತಂದಿರ ಊರುಗಳ ಶಾಲೆಯ ಕಥೆ. ಅವನ ಲೆಕ್ಕದಲ್ಲಿ ಜಿಲ್ಲೆಯಲ್ಲಿ 533 ಶಾಲೆ. ಅದರಲ್ಲಿ ಕನ್ನಡದವು 235, ತೆಲುಗಿನವು 226. ಉಳಿದವು ಮರಾಠಿ, ಸಂಸ್ಕೃತ, ಪಾರಸಿ, ನಾಲ್ಕು ತಮಿಳಿನವು, ಒಂದು ಇಂಗ್ಲಿಷಿನದು. ಓದುವ ಮಕ್ಕಳು ಒಟ್ಟು 6,641. ಅಂದರೆ ಒಂದು ಶಾಲೆಗೆ ಹನ್ನೆರಡು ಮಕ್ಕಳ ಲೆಕ್ಕ. ಆ ಅಷ್ಟು ಮಕ್ಕಳಲ್ಲಿ ಹೆಣ್ಣುಮಕ್ಕಳು 60. ನನ್ನ ಮೊಮ್ಮಗಳಿಗೆ ಇದನ್ನು ಹೇಳಿದಾಗ "ಮಿಕ್ಕವರು ಏನ್ ಮಾಡ್ತಿದ್ದರು ತಾತ?" ಎಂದು ಕೇಳಿದಳು. ಕಸ ಹೊಡೆಯುತ್ತಿದ್ದರು ಎಂದು ಅವಳ ಅಜ್ಜಿ ಅಡಿಗೆಮನೆಯಿಂದಲೇ ಉತ್ತರ ಕೊಟ್ಟಳು.

ಈಗ ಆ ಶಾಲೆಯೊಳಗೆ ಹೋಗೋಣ. ಹುಡುಗನಿಗೆ ಐದು ವರ್ಷವಾದಾಗ ಅಯ್ಯನವರನ್ನೂ ಶಾಲೆಯ ಹುಡುಗರನ್ನೂ ಮನೆಗೆ ಕರೆಯುತ್ತಾರೆ. ಗಣಪನನ್ನು ಇಟ್ಟು ಪೂಜೆ. ಅಯ್ಯನವರು ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರು ಬರೆಸುತ್ತಾರೆ. ಇದು ನಮಗೆಲ್ಲ ಗೊತ್ತಿರುವ ಅಕ್ಷರಾಭ್ಯಾಸ. ಮರುದಿನ ಬೆಳಗಿನಿಂದ ಶಾಲೆ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುತ್ತದೆ. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿ ಎಂದು ಬರೆಯುತ್ತಾರೆ. ಎರಡನೆಯವನ ಅಂಗೈ ಮೇಲೆ ಸೊನ್ನೆ, ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ ಎಂಬ ಅರ್ಥದಲ್ಲಿ. ಮೂರನೆಯವನಿಗೆ ಮೆತ್ತಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಬಂದಹಾಗೆಲ್ಲ ಒಂದೊಂದು ಏಟು ಹೆಚ್ಚು. ಹನ್ನೆರಡನೆಯವನ ಗತಿಯನ್ನು ನೀವೇ ಲೆಕ್ಕ ಹಾಕಿ.

ಇನ್ನು ಪಾಠ. ಇಲ್ಲಿ ಕ್ಯಾಂಪ್‌ಬೆಲ್‌ಗೆ ಹೊಸದೆನಿಸಿದ ಸಂಗತಿಯೊಂದಿದೆ. ಯುರೋಪಿನಲ್ಲಿ ಮಕ್ಕಳು ಅಕ್ಷರಗಳನ್ನು ಬಾಯಲ್ಲಿ ಹೇಳಿ ಕಲಿಯುತ್ತಾರೆ, ಇಲ್ಲಿ ನೆಲದ ಮೇಲೆ ಮರಳು ಹರಡಿ ಬೆರಳಿನಿಂದ ಬರೆದು ಕಲಿಯುತ್ತಾರೆ ಎಂದು ಅವನು ಬೇರೆಯಾಗಿಯೇ ಗುರುತಿಸಿದ್ದಾನೆ. ಮೊದಲು ಕೈಗೆ ಅಕ್ಷರ, ಆಮೇಲೆ ಮಿಕ್ಕದ್ದು. ಮರಳಿನಲ್ಲಿ ಬೆರಳು ಚೆನ್ನಾಗಿ ತಿರುಗುವ ತನಕ ಹುಡುಗನಿಗೆ ಬೇರೆ ಸಾಮಾನು ಸಿಗುವುದಿಲ್ಲ. ತಿರುಗಿದ ಮೇಲೆ ಓಲೆಗರಿಯ ಮೇಲೆ ಕಬ್ಬಿಣದ ಕಂಠದಿಂದ, ಇಲ್ಲವೆ ಕಾಗದದ ಮೇಲೆ ಲೇಖನಿಯಿಂದ, ಹೆಚ್ಚಾಗಿ ಹಲಗೆ ಅಥವಾ ಕಡತದ ಮೇಲೆ ಬಳಪದಿಂದ ಬರೆಯುವ ಅಧಿಕಾರ ಬರುತ್ತದೆ.

ಹಲಗೆ ಎಂದರೆ ಒಂದಡಿ ಅಗಲ, ಮೂರಡಿ ಉದ್ದದ ಮರದ ತುಂಡು. ಅದನ್ನು ನುಣ್ಣಗೆ ಹೆರೆದು, ಅನ್ನವನ್ನೂ ಇದ್ದಿಲ ಪುಡಿಯನ್ನೂ ಕಲಸಿ ಸವರುವುದು. ಕಡತ ಬಟ್ಟೆಯದು. ಬಟ್ಟೆಯನ್ನು ಗಂಜಿಯಲ್ಲಿ ಅದ್ದಿ ಬಿರುಸು ಮಾಡಿ, ಪುಸ್ತಕದ ಹಾಗೆ ಮಡಿಕೆ ಮಡಿಕೆಯಾಗಿ ಮಡಿಸಿ, ಮೇಲೆ ಇದ್ದಿಲು ಮತ್ತು ಅಂಟು ಸೇರಿಸಿದ ಲೇಪ ಹಚ್ಚುತ್ತಾರೆ. ಎರಡರ ಮೇಲೂ ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಬಹುದು. ನಮ್ಮ ಮನೆಯ ಅಟ್ಟದ ಮೇಲೆ ನನ್ನ ತಾತನ ಕಾಲದ ಒಂದು ಕಡತ ಇತ್ತು, ಹತ್ತಿ ವ್ಯಾಪಾರದ ಲೆಕ್ಕದ್ದು. ಮಡಿಕೆಯಲ್ಲಿ ಹರಿದು, ಮುಟ್ಟಿದರೆ ಕೈಗೆ ಕಪ್ಪು ಹತ್ತುತ್ತಿತ್ತು. ಕಚೇರಿಯಲ್ಲಿ ಫೈಲಿಗೆ ನಾವು ಕಡತ ಎನ್ನುತ್ತೇವಲ್ಲ, ಆ ಮಾತು ಹುಟ್ಟಿದ್ದು ಈ ಕರೀ ಬಟ್ಟೆಯಿಂದ. ಬ್ಯಾಂಕಿನಲ್ಲಿ ಇಡೀ ಆಯುಷ್ಯ ಕಡತ ಹೊತ್ತ ನನಗೆ ಅದು ಗೊತ್ತಾದದ್ದು ನಿವೃತ್ತಿಯಾದ ಮೇಲೆ.

ಪಾಠದ ಕ್ರಮವನ್ನು ಗಮನವಿಟ್ಟು ಕೇಳಿ, ನಮಗೆ ಬೇಕಾದದ್ದು ಅದೇ. ಮೊದಲು ಬಿಡಿ ಅಕ್ಷರ. ಅದು ಪೂರ್ತಿ ಕೈಗೆ ಬಂದ ಮೇಲೆ ಕಾಗುಣಿತ, ಅಂದರೆ ವ್ಯಂಜನಕ್ಕೆ ಸ್ವರದ ಗುರುತು ಸೇರುವ ಬಗೆ. ಅದಾದ ಮೇಲೆ ಮನುಷ್ಯರ ಹೆಸರು, ಊರುಗಳ ಹೆಸರು, ಪ್ರಾಣಿಗಳ ಹೆಸರು ಬರೆಯುವುದು. ಕೊನೆಗೆ ಅಂಕಿ, ಮಗ್ಗಿ. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುತ್ತಾರೆ, ಕಲಿಸುತ್ತ ತಮ್ಮದನ್ನು ಗಟ್ಟಿ ಮಾಡಿಕೊಳ್ಳುತ್ತಾರೆ. ಇದನ್ನು ಕ್ಯಾಂಪ್‌ಬೆಲ್ ಬಹಳ ಮೆಚ್ಚಿದ. ಇಂಗ್ಲೆಂಡಿನವರು ಇದನ್ನು ನಕಲು ಮಾಡಿದ್ದು ಸರಿಯೇ ಎಂದ. ಅವನ ಮನಸ್ಸಿನಲ್ಲಿದ್ದುದು ಡಾಕ್ಟರ್ ಆಂಡ್ರ್ಯೂ ಬೆಲ್ ಕೆಲಸ. ಮದರಾಸಿನ ಎಗ್ಮೋರಿನಲ್ಲಿ ಸೋಲ್ಜರುಗಳ ಅನಾಥ ಮಕ್ಕಳ ಶಾಲೆ ನೋಡಿಕೊಳ್ಳುತ್ತಿದ್ದ ಈತ, ನಮ್ಮ ಜನರ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲೂ ಅದನ್ನೇ ತಂದ. 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಬರೆದು ಪ್ರಕಟಿಸಿದ. ಹೀಗೆ ಮದರಾಸಿನ ಮರಳು ವಿಲಾಯತಿಗೆ ಹೋಯಿತು.

ಮೆಚ್ಚಿದ ಕ್ಯಾಂಪ್‌ಬೆಲ್ ಮುಂದೆ ಬೈದಿದ್ದಾನೆ. ಮಕ್ಕಳ ಕೈಗೆ ಕೊಡುವ ಪುಸ್ತಕಗಳೆಲ್ಲ ಪದ್ಯದಲ್ಲಿವೆ. ಆ ಭಾಷೆಗೂ ಮನೆಯಲ್ಲಿ ಆಡುವ ಮಾತಿಗೂ ಸಂಬಂಧವಿಲ್ಲ. ಅಕ್ಷರ ಒಂದೇ ಆದ್ದರಿಂದ ಮಗು ಓದುತ್ತದೆ, ಅರ್ಥ ಮಾತ್ರ ಆಗುವುದಿಲ್ಲ. ಅರ್ಥ ಹೇಳಬಲ್ಲ ಅಯ್ಯನವರೇ ಕಡಿಮೆ, ಹುಡುಗರು ಗಿಣಿಯ ಹಾಗೆ ನೂರಾರು ಪದ್ಯ ಒಪ್ಪಿಸುತ್ತಾರೆ ಎಂದು ಅವನ ದೂರು. ಅವನು ಕಂಪನಿ ಸರ್ಕಾರದ ಅಧಿಕಾರಿ, ಎಲ್ಲ ಮಾತನ್ನೂ ನಂಬಬೇಕಿಲ್ಲ. ಜನ ಬಡವರಾಗುತ್ತಿರುವುದರಿಂದ ಶಾಲೆಗಳು ಮುಚ್ಚುತ್ತಿವೆ ಎಂದೂ ಅವನೇ ಒಪ್ಪಿಕೊಂಡಿದ್ದಾನೆ, ಅದು ಬೇರೆ ಕಥೆ. ಗಿಣಿಯ ಮಾತು ಮಾತ್ರ ನಿಜ. ಆ ಗಿಣಿ ನಮ್ಮ ಮನೆಯ ಜಗಲಿಯ ಮೇಲೆ ಬಣ್ಣದ ಪುಸ್ತಕ ಹಿಡಿದು ಕೂತಿತ್ತು.

ನನಗೆ ಆಗ ಹೊಳೆದದ್ದು ಇಷ್ಟು. ಹಳೆಯ ಶಾಲೆಯಲ್ಲಿ ಒಳ್ಳೆಯದಿದ್ದುದು ಮರಳು, ಕ್ರಮ, ಮತ್ತು ಊರಿನ ಹೆಸರು. ಕೆಟ್ಟದ್ದು ಅರ್ಥವಿಲ್ಲದ ಒಪ್ಪಿಸುವಿಕೆ. ನಾವು ಅಚ್ಚಿನ ಪುಸ್ತಕ ಬಂದ ಮೇಲೆ ಮಾಡಿದ್ದೇನು? ಮರಳನ್ನು ಬಿಟ್ಟೆವು, ಒಪ್ಪಿಸುವುದನ್ನು ಇಟ್ಟುಕೊಂಡೆವು. ಅ ಎಂದರೆ ಅರಸ, ಆ ಎಂದರೆ ಆನೆ. ಚಿತ್ರ ನೋಡಿದರೆ ಸಾಕು, ಅಕ್ಷರ ನೋಡಬೇಕಾಗಿಯೇ ಇಲ್ಲ.

ಇದನ್ನು ಅರಿತವರು ಇಲ್ಲದೆ ಇರಲಿಲ್ಲ. ಕರ್ನಾಟಕದ ಶಾಲೆಗಳಲ್ಲಿ ಒಂದನೆಯ ತರಗತಿಗೆ ಒಂದು ಬೇರೆ ಕ್ರಮ ರೂಢಿಯಾಯಿತು. ಅಲ್ಲಿ ಓದಿ ಬಂದ ಸೊಸೆಯಂದಿರು ನಿಮ್ಮ ಮನೆಯಲ್ಲಿದ್ದರೆ "ರಗಸದಅ" ಎಂದು ಹೇಳಿ ನೋಡಿ, ಮುಂದಿನದನ್ನು ಅವರೇ "ಜವಮಬನ" ಎನ್ನುತ್ತಾರೆ. ವರ್ಣಮಾಲೆಯ ಸಾಲನ್ನು ಬದಿಗಿಟ್ಟು, ಬರೆಯಲು ಸುಲಭವಾದ, ಒಂದರಿಂದ ಇನ್ನೊಂದಕ್ಕೆ ಕೈ ಹೊರಳುವ ಅಕ್ಷರಗಳನ್ನು ಗುಂಪು ಮಾಡಿದ್ದು ಇದರ ಗುಟ್ಟು. ರ ಬರೆಯಲು ಬಂದ ಕೈಗೆ ಬುಡದಲ್ಲಿ ಒಂದು ಸಣ್ಣ ಮಡಿಕೆ ಕೊಟ್ಟರೆ ದ. ವ ಬರೆದವನು ಬಲಗಡೆ ಬಾಲ ಎಳೆದರೆ ಮ. ಇನ್ನೊಂದು ಲಾಭ ದೊಡ್ಡದು. ವರ್ಣಮಾಲೆಯ ಸಾಲಿನಲ್ಲಿ ಹೋದರೆ ಅ ಆ ಇ ಈ ಎಂದು ಹದಿಮೂರು ಸ್ವರ ಕಲಿತರೂ ಮಗು ಒಂದು ಮಾತನ್ನೂ ಓದಲಾರದು. ರ, ಗ, ಸ, ದ, ಅ ಎಂಬ ಐದೇ ಅಕ್ಷರದಿಂದ ಸರ, ರಸ, ದರ, ಅಗಸ, ಅರಸ, ಗರಗಸ ಎಲ್ಲ ಬರುತ್ತವೆ. ಗರಗಸ ಎಂದು ತಾನೇ ಕೂಡಿಸಿ ಓದಿದ ಮಗುವಿನ ಮುಖ ನೋಡಬೇಕು. ನಾಲ್ಕು ಅಕ್ಷರದ ದೊಡ್ಡ ಮಾತು, ಗುಣಿತವಿಲ್ಲ, ಒತ್ತಿಲ್ಲ.

ಇನ್ನು ಮನೆಯಲ್ಲಿ ನಾವು ಮಾಡಿದ್ದನ್ನು ಹೇಳುತ್ತೇನೆ. ಒಂದು ಹಳೆಯ ಊಟದ ತಟ್ಟೆಯಲ್ಲಿ ಬೆರಳಿನ ಒಂದು ಗೆಣ್ಣಿನಷ್ಟು ಸಣ್ಣ ಮರಳು ಹರಡಿದೆ. ಹಳ್ಳದ ಮರಳನ್ನು ಜರಡಿ ಹಿಡಿಯಬೇಕು, ದಪ್ಪ ಹರಳು ಇದ್ದರೆ ಬೆರಳಿಗೆ ನೋವು, ಗೆರೆಯೂ ಸರಿಯಾಗಿ ಮೂಡುವುದಿಲ್ಲ. ದಿನಕ್ಕೆ ಕಾಲು ಗಂಟೆ, ಸಂಜೆ ದೀಪ ಹಚ್ಚಿದ ಮೇಲೆ. ದಿನಕ್ಕೊಂದೇ ಅಕ್ಷರ. ಅಕ್ಷರ ಬರೆಯುತ್ತಿರುವಾಗಲೇ ಅದರ ಶಬ್ದ ಒಂದು ಸಲ ಹೇಳಬೇಕು, ಕೈ ನಿಂತ ಮೇಲೆ ಅಲ್ಲ. ರ ಎಂದು ಎಳೆದು ಹೇಳುವಷ್ಟರಲ್ಲಿ ಬೆರಳು ತಲಕಟ್ಟು ಮುಗಿಸಿರಬೇಕು. "ರ ಅಂದರೆ ರಥ" ಎಂಬ ಮಾತು ಬೇಡ. ಮರುದಿನ ಮೊದಲು ಹಿಂದಿನದನ್ನು ನಾನು ಶಬ್ದ ಹೇಳುವುದು, ಅವಳು ಬರೆಯುವುದು. ಆಮೇಲೆ ನಾನು ಬರೆಯುವುದು, ಅವಳು ಹೇಳುವುದು. ಎರಡೂ ಆಗಬೇಕು, ಏಕೆಂದರೆ ಕಂಡದ್ದನ್ನು ಗುರುತಿಸುವುದು ಬೇಗ ಬರುತ್ತದೆ, ಕೇಳಿದ್ದನ್ನು ಬರೆಯುವುದು ತಡ.

ಹತ್ತು ಅಕ್ಷರ ಮುಗಿಯಲು ಮೂರು ವಾರ ಹಿಡಿಯಿತು. ನಡುವೆ ಒಂದು ಜಾತ್ರೆ, ಒಂದು ಜ್ವರ. ಆ ಹತ್ತರಲ್ಲಿ ಮರ, ಜನ, ದನ, ನಗರ, ಗಮನ, ಬಸವ ಎಲ್ಲ ಓದುತ್ತಿದ್ದಳು. "ಬಸವನ ಮಗ" ಎಂದು ಬರೆದಾಗ ನಕ್ಕಳು, ಆ ಹೆಸರಿನವರು ನಮ್ಮ ಪಕ್ಕದ ಮನೆಯಲ್ಲೇ ಇದ್ದಾರೆ. ಆದರೂ ಬ್ಯಾಂಕಿನವನ ಅನುಮಾನ ಬಿಡಬೇಕಲ್ಲ. ನಿಜವಾಗಿ ಓದುತ್ತಿದ್ದಾಳೋ ಊಹಿಸುತ್ತಿದ್ದಾಳೋ ಎಂದು ತಿಳಿಯಲು ಅರ್ಥವಿಲ್ಲದ ಮಾತು ಬರೆದು ಕೊಟ್ಟೆ: ಸಗದ, ನಜಬ, ಮದವರ. ಇಂಥ ಮಾತು ಯಾವ ಪುಸ್ತಕದಲ್ಲೂ ಇಲ್ಲ, ಆದ್ದರಿಂದ ಬಾಯಿಪಾಠ ಸಾಧ್ಯವಿಲ್ಲ. ಮೊದಲ ದಿನ "ಸಗದ"ವನ್ನು "ಸರದ" ಎಂದಳು, ಗ ಇನ್ನೂ ಗಟ್ಟಿಯಾಗಿರಲಿಲ್ಲ ಎಂದು ಗೊತ್ತಾಯಿತು. ಮತ್ತೆ ಮರಳಿಗೆ ಹೋದೆವು. ವಾರಕ್ಕೊಮ್ಮೆ ಇಂಥ ಐದು ಮಾತು ಸಾಕು, ಜಾಸ್ತಿಯಾದರೆ ಮಗುವಿಗೆ ಬೇಸರ. ಓದಿಗೆ ಅರ್ಥ ಬೇಕು ಎಂದು ಈಗ ತಾನೇ ಹೇಳಿ ಅರ್ಥವಿಲ್ಲದ್ದನ್ನು ಓದಿಸುತ್ತೀರಲ್ಲ ಎಂದು ನೀವು ಕೇಳಬಹುದು. ಇದು ಪಾಠವಲ್ಲ, ತಪಾಸಣೆ.

ಕಾಗುಣಿತದಲ್ಲಿ ನಮ್ಮ ಹಿರಿಯರ ಒಂದು ಪದ್ಧತಿಯನ್ನು ನಾನು ಪೂರ್ತಿ ಇಟ್ಟುಕೊಂಡೆ, ಒಂದನ್ನು ಬಿಟ್ಟೆ. ಇಟ್ಟುಕೊಂಡದ್ದು ಗುರುತುಗಳ ಹೆಸರು. ತಲಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ ಎಂಬ ಹೆಸರು ಇದ್ದರೆ ಮಗು ತಪ್ಪಿದಾಗ "ಇಳಿ ಬಿಟ್ಟಿದ್ದೀಯ" ಎಂದು ಒಂದೇ ಮಾತಿನಲ್ಲಿ ಹೇಳಬಹುದು. ಈಗಿನ ಕೆಲವರು ಹೆಸರು ಹೇಳದೆ "ಆ ಸುತ್ತಿಕೊಂಡದ್ದು" ಎನ್ನುತ್ತಾರೆ, ಯಾವುದು ಸುತ್ತಿಕೊಂಡದ್ದು ಎಂದು ಮಗುವಿಗೆ ತಿಳಿಯುವುದು ಹೇಗೆ? ಬಿಟ್ಟದ್ದು ಅಡ್ಡಸಾಲಿನ ಹಾಡು. ಕ ಕಾ ಕಿ ಕೀ ಎಂದು ಹೇಳಿಕೊಂಡು ಹೋದರೆ ಮಗುವಿಗೆ ರಾಗ ನೆನಪಿರುತ್ತದೆ. ನಡುವಿನ ಒಂದನ್ನು ತೋರಿಸಿ ಕೇಳಿದರೆ ಮತ್ತೆ ಮೊದಲಿನಿಂದ ಹಾಡಿ ಅಲ್ಲಿಗೆ ಬರಬೇಕು. ಹಾಗೆ ಬೆರಳು ಎಣಿಸುತ್ತ ಬರುವ ಮಗುವನ್ನು ಕಂಡರೆ ಅದಕ್ಕೆ ಕಾಗುಣಿತ ಇನ್ನೂ ಬಂದಿಲ್ಲ ಎಂದು ತಿಳಿಯಿರಿ. ನಾನು ಉದ್ದಸಾಲು ಹಿಡಿದೆ. ಒಂದು ಗುರುತು ತೆಗೆದುಕೊಂಡು ಬಂದಿರುವ ಎಲ್ಲ ಅಕ್ಷರಕ್ಕೂ ಹಚ್ಚುವುದು: ರಾ, ಗಾ, ಸಾ, ದಾ, ಮಾ, ನಾ. ಆಗ ಎಲ್ಲಕ್ಕೂ ಸಮಾನವಾದದ್ದು ಆ ಇಳಿ ಒಂದೇ ಎಂದು ಕಣ್ಣಿಗೂ ಕಿವಿಗೂ ಒಟ್ಟಿಗೆ ಗೊತ್ತಾಗುತ್ತದೆ. ಕೂಡಲೇ ಜೋಡಿ ಮಾತು ಓದಿಸಬೇಕು. ದನ, ದಾನ. ಸರ, ಸಾರ. ಮರ, ಮಾರ. ದನ ಕೊಟ್ಟಿಗೆಯಲ್ಲಿದೆ, ದಾನ ದೇವಸ್ಥಾನದಲ್ಲಿದೆ, ವ್ಯತ್ಯಾಸ ಒಂದು ಗೆರೆಯದು ಎಂದು ಅವಳಿಗೇ ನಗು ಬಂತು. ಇಳಿ ಆದ ಮೇಲೆ ಗುಡಿಸು: ನರಿ, ಮರಿ, ನದಿ, ಬಿಸಿ, ದಾರಿ. ಒಂದೊಂದು ಗುರುತಿಗೆ ಒಂದು ವಾರ ಎಂದಿಟ್ಟುಕೊಳ್ಳಿ.

ಅವಸರ ಬೇಡ ಎಂದು ಹೇಳಲು ಕಾರಣವಿದೆ. 34 ವ್ಯಂಜನಕ್ಕೆ ಹದಿನೈದು ಹದಿನೈದು ರೂಪವಾದರೆ 510 ಆಯಿತು, ಒತ್ತಕ್ಷರ ಅದರ ಮೇಲೆ. ಕನ್ನಡ ಶಾಲೆಗಳಲ್ಲೇ ಓದುವ ಮಕ್ಕಳನ್ನು ನೋಡಿ ಸೋನಾಲಿ ನಾಗ್ ಎಂಬುವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕನೆಯ ತರಗತಿಗೆ ಬಂದರೂ ಮಕ್ಕಳು ಅಕ್ಷರಗಳನ್ನು ಇನ್ನೂ ಕಲಿಯುತ್ತಲೇ ಇರುತ್ತಾರೆ ಎಂದು ಕಂಡುಬಂದಿದೆ. ಇಂಗ್ಲಿಷಿನ 26 ಅಕ್ಷರ ಒಂದು ವರ್ಷದಲ್ಲಿ ಮುಗಿಯಿತು, ಕನ್ನಡ ಯಾಕೆ ಮುಗಿಯಲಿಲ್ಲ ಎಂದು ಮಗುವನ್ನು ಗದರುವ ತಂದೆತಾಯಿ ಈ ಲೆಕ್ಕ ನೋಡಬೇಕು.

ಇನ್ನು ನಮ್ಮ ಗಡಿಯವರದ್ದೇ ಆದ ತೊಡಕು. ತೆಲುಗು ಕನ್ನಡ ಲಿಪಿ ಒಂದೇ ತಾಯಿಯ ಮಕ್ಕಳು. ಗ, ದ, ಮ, ರ, ಲ, ನ, ಬ ಇಂಥವು ತಲೆಯ ಮೇಲಿನ ಗುರುತು ಬಿಟ್ಟರೆ ಒಂದೇ. ಹಾಗಾಗಿ ತೆಲುಗು ಓದುವ ಮಗುವಿಗೆ ಅರ್ಧ ಕೆಲಸ ಆಗಿದೆ ಎಂದು ನಾವು ಸಂತೋಷಪಡುತ್ತೇವೆ. ಅರ್ಧ ಆಗಿರುವುದೇ ತೊಂದರೆ. ಹೋಲದ ಅಕ್ಷರದಲ್ಲಿ ಮಗು ನಿಂತು ಕೇಳುತ್ತದೆ. ಕ ಮತ್ತು ತ ತೆಲುಗಿನಲ್ಲಿ ಬೇರೆ ಆಕಾರ, ಅಲ್ಲಿ ಅವಳು ಕೇಳಿದಳು, ಕಲಿತಳು. ಹೋಲುವ ಕಡೆ ಕೇಳುವುದಿಲ್ಲ, ತೆಲುಗಿನ ರೂಢಿಯಲ್ಲೇ ಓದಿಕೊಂಡು ಹೋಗುತ್ತದೆ.

ಇದಕ್ಕೆ ಎರಡು ಉದಾಹರಣೆ ಹೇಳುತ್ತೇನೆ. ಒಂದು ದೀರ್ಘ. ಕನ್ನಡದಲ್ಲಿ ಕೇಳು, ಬೇಡ, ನೀನು ಎಂದು ಬರೆಯುವಾಗ ಬಲಗಡೆ ಬೇರೆಯಾಗಿ ಒಂದು ದೀರ್ಘದ ಗುರುತು ಇಡುತ್ತೇವೆ. ತೆಲುಗಿನಲ್ಲಿ ಹಾಗೆ ಬೇರೆ ಗುರುತಿಲ್ಲ, ದೀರ್ಘ ತಲೆಯ ಮೇಲಿನ ಗುರುತಿನಲ್ಲೇ ಅಡಗಿದೆ. ಆದ್ದರಿಂದ ಮೊಮ್ಮಗಳು ಬೇಡ ಎಂಬುದನ್ನು "ಬೆಡ" ಎಂದು ಓದಿ, ಮಿಕ್ಕ ಗುರುತನ್ನು ಹಾರಿಸಿಬಿಡುತ್ತಿದ್ದಳು. ಕೊ, ಕೋ ಬಂದಾಗಲೂ ಹೀಗೆಯೇ. ತೆಲುಗಿನಲ್ಲಿ ಅದು ಒಂದೇ ಗುರುತು. ಕನ್ನಡದಲ್ಲಿ ಎತ್ವವೂ ಬೇಕು, ಕೊಂಬಿನ ಇಳಿಯೂ ಬೇಕು, ಎರಡೂ ಸೇರಿದರೆ ಕೊ. ಅವಳು ಮೊದಲಿನದನ್ನು ನೋಡಿ "ಕೆ" ಎನ್ನುತ್ತಿದ್ದಳು. ಬೈದರೆ ಹೋಗುವ ತಪ್ಪಲ್ಲ ಇದು. ಕೆ, ಕೇ, ಕೊ, ಕೋ ನಾಲ್ಕನ್ನೂ ಮರಳಿನಲ್ಲಿ ಒಂದರ ಪಕ್ಕ ಒಂದು ಬರೆಸಿ, ಕೆ ಎಂಬುದಕ್ಕೆ ಒಂದೊಂದು ಗುರುತು ಸೇರಿದಾಗ ಬಾಯಿ ಏನಾಗುತ್ತದೆ ಎಂದು ಹೇಳಿಸಿದೆ. ಹತ್ತು ದಿನದಲ್ಲಿ ದಾರಿಗೆ ಬಂತು.

ಎರಡನೆಯದು ಅರ್ಕಾವತ್ತು. ಕ್ಯಾಂಪ್‌ಬೆಲ್ ಕಂಡ ಶಾಲೆಯ ಹಾಗೆ ನಾವೂ ಕಾಗುಣಿತ ಆದ ಮೇಲೆ ಮನೆಯವರ ಹೆಸರು, ಊರ ಹೆಸರು ಹಿಡಿದೆವು. ಊರ ಹೆಸರಿನಲ್ಲಿ ಒತ್ತಕ್ಷರ ತಾನಾಗಿಯೇ ಬರುತ್ತದೆ. ಬಳ್ಳಾರಿಯ ಳ್ಳ, ಅಕ್ಕನ ಕ್ಕ, ಅಪ್ಪನ ಪ್ಪ ಸುಲಭ, ಕೆಳಗೆ ಅದೇ ಅಕ್ಷರ ಸಣ್ಣದಾಗಿ ಕೂತಿರುತ್ತದೆ. ಗುಮ್ಮಗಟ್ಟ, ಬೊಮ್ಮನಹಾಳು ಬಂದಾಗ ಕಷ್ಟ ಶುರು, ಏಕೆಂದರೆ ಮ ಒತ್ತಾದಾಗ ಮ ಹಾಗೆ ಕಾಣುವುದಿಲ್ಲ. ತ, ನ, ಮ, ಯ, ರ, ಲ ಈ ಆರು ಒತ್ತುಗಳನ್ನು ಬೇರೆ ಅಕ್ಷರ ಎಂದೇ ಭಾವಿಸಿ ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಎಲ್ಲ ಎಂಬ ಮಾತುಗಳಿಂದ ಕಲಿಸಬೇಕು. ಅದೂ ಆಯಿತು. ಆಮೇಲೆ ಒಂದು ದಿನ ನಮ್ಮ ಊರ ಹೆಸರನ್ನೇ ಬರೆದು ಕೊಟ್ಟೆ: ರಾಯದುರ್ಗ.

ಮಗು "ರಾಯದುಗ" ಎಂದು ಓದಿ, ಕೊನೆಯ ಗುರುತಿನ ಮೇಲೆ ಬೆರಳಿಟ್ಟು, "ಇದು ಒಂಬತ್ತಾ ತಾತ?" ಎಂದು ಕೇಳಿತು. ಗೋಡೆಯ ಕನ್ನಡ ಕ್ಯಾಲೆಂಡರಿನಲ್ಲಿ ಕನ್ನಡ ಅಂಕಿಯ ಒಂಬತ್ತು ನೋಡಿತ್ತು, ಆಕಾರ ಅದೇ. ನಗಲು ಹೋಗಿ ನಿಲ್ಲಿಸಿದೆ. ತಪ್ಪೇನಿದೆ? ತೆಲುಗಿನಲ್ಲಿ ಈಗ ರ ಮೊದಲು ಬರೆದು ಗ ಅದರ ಕೆಳಗೆ ಒತ್ತು ಕೊಡುತ್ತಾರೆ. ಬಾಯಲ್ಲಿ ಯಾವುದು ಮೊದಲೋ ಕಾಗದದ ಮೇಲೂ ಅದೇ ಮೊದಲು. ನಾವು ಬಾಯಲ್ಲಿ ರ್ ಮೊದಲು ಹೇಳಿ ಅದರ ಗುರುತನ್ನು ಗ ಆದ ಮೇಲೆ ಇಡುತ್ತೇವೆ. ಎಡದಿಂದ ಬಲಕ್ಕೆ ಓದು ಎಂದು ಕಲಿಸಿದವರೇ ಇಲ್ಲಿ ಒಂದು ಹೆಜ್ಜೆ ಹಿಂದೆ ಬಾ ಎನ್ನುತ್ತೇವೆ. ಆ ಗುರುತಿಗೆ ಅರ್ಕಾವತ್ತು ಎಂದು ಹೆಸರು ಹೇಳಿದೆ. "ಇದು ತಡವಾಗಿ ಬಂದು ಹಿಂದಿನ ಬೆಂಚಿನಲ್ಲಿ ಕೂತ ಹುಡುಗ, ಹಾಜರಿಯಲ್ಲಿ ಮಾತ್ರ ಪಕ್ಕದವನಿಗಿಂತ ಮೊದಲು ಕೂಗಬೇಕು" ಅಂದೆ. ಮೊದಲು ರ ಬರೆದು ಗ ಒತ್ತು ಕೊಡುವ ಇನ್ನೊಂದು ರೂಪವೂ ಕನ್ನಡದಲ್ಲಿದೆ, ಅದನ್ನು ಪಕ್ಕದಲ್ಲಿ ಬರೆದು ಎರಡೂ ಒಂದೇ ಎಂದು ತೋರಿಸಿದೆ. ಸೂರ್ಯ, ಕರ್ಣ, ದುರ್ಗ ಮೂರು ಮಾತು, ಮೂರು ಸಂಜೆ. ನಾಲ್ಕನೆಯ ಸಂಜೆ ಮಗು ಅರ್ಕಾವತ್ತು ಕಂಡ ತಕ್ಷಣ ಬೆರಳನ್ನು ಹಿಂದಕ್ಕೆ ತಂದು ಓದಲು ಶುರುಮಾಡಿತು.

ಬ್ಯಾಂಕಿನಲ್ಲಿದ್ದಾಗ ಒಬ್ಬ ಮುದುಕಿ ತನ್ನ ಗಂಡನ ಹಳೆಯ ಕ್ರಯಪತ್ರ ತಂದು ನನ್ನಿಂದ ಓದಿಸಿಕೊಂಡದ್ದು ನೆನಪಿದೆ. ಪತ್ರ ಕನ್ನಡದ್ದು. ಜೊತೆಗೆ ಬಂದಿದ್ದ ಮೊಮ್ಮಗ ಪದವೀಧರ, ಅವನಿಗೆ ಓದಲು ಬರಲಿಲ್ಲ. ಹೊಲದ ಪೂರ್ವದಿಕ್ಕಿನ ಗಡಿಯನ್ನು ನಾನು ಓದಿದಾಗ ಆಕೆ ಮೊಮ್ಮಗನ ಕಡೆ ತಿರುಗಿ, "ಕೇಳಿಸಿತೇನಪ್ಪ, ಹುಣಸೆಮರ ನಮ್ಮದೇ" ಎಂದಳು. ಎರಡು ವರ್ಷ ಆ ಮರಕ್ಕಾಗಿ ಪಕ್ಕದ ಹೊಲದವರೊಡನೆ ಜಗಳವಾಡಿದ್ದರಂತೆ, ಕಾಗದ ಮನೆಯ ಪೆಟ್ಟಿಗೆಯಲ್ಲೇ ಇತ್ತು.

ನಮ್ಮ ಪೆಟ್ಟಿಗೆಯಲ್ಲೂ ಅಂಥದೊಂದು ಇದೆ. ಹೋದ ಭಾನುವಾರ ತೆಗೆದು ಮೊಮ್ಮಗಳ ಮುಂದೆ ಬಿಚ್ಚಿದೆ. ಕೈಬರಹ, ಮಸಿ ಮಾಸಿದೆ. ಮೊದಲ ಸಾಲನ್ನು ಅವಳು ಓದಲಾರಳು ಎಂದು ನನಗೆ ಗೊತ್ತಿತ್ತು, ಓದಲಿಲ್ಲ. ಎರಡನೆಯ ಸಾಲಿನಲ್ಲಿ ಒಂದು ಕಡೆ ಬೆರಳು ನಿಲ್ಲಿಸಿ, ಒಂದು ಹೆಜ್ಜೆ ಹಿಂದಕ್ಕೆ ತಂದು, "ರಾ, ಯ, ದು, ರ್ಗ" ಎಂದಳು. ಆಮೇಲೆ ಅದರ ಮುಂದಿನ ಮಾತು ಏನೆಂದು ನನ್ನನ್ನು ಕೇಳಿದಳು. ನನ್ನ ಕನ್ನಡಕ ಒಳಗಿತ್ತು, ತರಲು ಹೋದೆ.